ತಾತನ ಫೋಟೊ ತೆಗೆದವರು ಎಲ್ಲಿ ನಿಂತಿದ್ದರು? ಕಂಬಿ ನೋಡಿ ಹೇಳಬಹುದಾ?

ಪ್ರಶ್ನೆ (ಶಿಡ್ಲಘಟ್ಟದಿಂದ): ನಮ್ಮ ತಾತ ನ್ಯಾರೋ ಗೇಜ್ ಕಾಲದಲ್ಲಿ ಗ್ಯಾಂಗ್‌ಮನ್ ಆಗಿದ್ದರು. 1968ರ ಸುಮಾರಿನ ಒಂದು ಚೌಕದ ಫೋಟೊ ಇದೆ. ತಾತ ಕಂಬಿ ಮಧ್ಯೆ ನಿಂತಿದ್ದಾರೆ. ಕಂಬಿ ನೇರವಾಗಿ ಚಿಕ್ಕಬಳ್ಳಾಪುರದ ಕಡೆ ಹೋಗುತ್ತದೆ, ಎಡಕ್ಕೆ ದೂರದಲ್ಲಿ ನಂದಿ ಬೆಟ್ಟ. ಪಕ್ಕದಲ್ಲಿ ಒಂದು ಮೋರಿಯ ಗೋಡೆ, ಅದರಾಚೆ ರೈಲ್ವೆ ಗೇಟಿನ ಕಲ್ಲುಕಂಬ. ಬ್ರಾಡ್‌ಗೇಜ್ ಆದಾಗ ಹೊಸ ಕಂಬಿ ಪಕ್ಕಕ್ಕೆ ಸರಿಯಿತು. ಹಳೇ ಏರಿ, ಮೋರಿ, ಕಲ್ಲುಕಂಬ ಇನ್ನೂ ಇವೆ. ಕ್ಯಾಮೆರಾ ಇದ್ದ ಜಾಗದಲ್ಲೇ ನಿಂತು ಅಪ್ಪನ ಫೋಟೊ ತೆಗೆಯಬೇಕು. ಹೇಗೆ ಹುಡುಕೋದು ಸಾರ್? ಸ್ಕ್ಯಾನ್ 2400 × 2400 ಪಿಕ್ಸೆಲ್ ಇದೆ.

ಸರ್ವೇಯರ್, ಚಿಕ್ಕಬಳ್ಳಾಪುರ: ಅಮ್ಮಾ, ಚೆನ್ನಾಗಿರೋ ಫೋಟೊ. ನೇರ ಕಂಬಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲು ದಿಗಂತ ಎಲ್ಲಿದೆ ಅಂತ ಗೊತ್ತಾಗಬೇಕು. ಬೆಟ್ಟದ ಬುಡವನ್ನೋ ಮರಗಳ ಸಾಲನ್ನೋ ದಿಗಂತ ಅಂದುಕೊಳ್ಳಬೇಡಿ. ನಮ್ಮ ಕಡೆ ಎಲ್ಲಿ ನೋಡಿದರೂ ಗುಡ್ಡ ಅಡ್ಡ ಬರುತ್ತೆ, ನಿಜವಾದ ದಿಗಂತ ಕಣ್ಣಿಗೆ ಕಾಣಲ್ಲ. ಎರಡೂ ಕಂಬಿಯ ಮೇಲೆ ಸ್ಕೇಲ್ ಇಟ್ಟ ಹಾಗೆ ಗೆರೆ ಎಳೆದು, ಅವು ಎಲ್ಲಿ ಕೂಡುತ್ತವೆ ನೋಡಿ. ಕಂಬಿ ಮಟ್ಟವಾಗಿದ್ದರೆ ಆ ಚುಕ್ಕಿ ದಿಗಂತದ ಮೇಲೇ ಬೀಳುತ್ತೆ. ಗೇಟಿನ ಕಲ್ಲುಕಂಬ ಫೋಟೊದಲ್ಲಿ ನೆಟ್ಟಗಿದ್ದರೆ ಆ ಚುಕ್ಕಿಯಿಂದ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಅದೇ ದಿಗಂತ.

ಆಮೇಲೆ ನಾಲ್ಕು ವಿಷಯ ಅಳೆದು ಹಾಕಿ. ಕೂಡುವ ಚುಕ್ಕಿ ಎಲ್ಲಿ ಬಂತು, ತಾತನ ತಲೆ ಮತ್ತು ಪಾದ ಎಲ್ಲಿವೆ, ಪಾದದ ಸಾಲಿನಲ್ಲಿ ಎಡಗಂಬಿ ಬಲಗಂಬಿ ಎಲ್ಲಿವೆ, ಮೋರಿ ಗೋಡೆ ಮತ್ತು ಕಲ್ಲುಕಂಬದ ಬುಡ ಎಲ್ಲಿವೆ. ಎಲ್ಲಾ ಎಡ ಮೂಲೆಯಿಂದ, ಮೇಲಿಂದ ಕೆಳಕ್ಕೆ ಎಣಿಸಿ.

ಪ್ರಶ್ನೆ ಕೇಳಿದವರು: ಅಳೆದೆ ಸಾರ್. ಕಂಬಿ ಕೂಡೋದು ಎಡದಿಂದ 1650, ಮೇಲಿಂದ 1100. ತಾತನ ತಲೆ 620, ಪಾದ 1900. ಆ 1900ರ ಸಾಲಿನಲ್ಲಿ ಎಡಗಂಬಿ 1190, ಬಲಗಂಬಿ 1770. ಮೋರಿ ಗೋಡೆಯ ಹತ್ತಿರದ ತುದಿಯ ಬುಡ ಮೇಲಿಂದ 1325, ಕಲ್ಲುಕಂಬದ ಬುಡ 1175. ಬೆಟ್ಟದ ತುದಿ ಎಡದಿಂದ 400.

ಚಿಂತಾಮಣಿಯ ಎಂಜಿನಿಯರಿಂಗ್ ವಿದ್ಯಾರ್ಥಿ: ನಾನು ಲೆಕ್ಕ ಮಾಡಿದೆ. ದಿಗಂತದಿಂದ ಪಾದಕ್ಕೆ 800 ಪಿಕ್ಸೆಲ್. ಅದೇ ಸಾಲಿನಲ್ಲಿ ಕಂಬಿ ಅಗಲ 580. ಕಂಬಿ ಮಧ್ಯೆ 1.676 ಮೀಟರ್ ಇರುತ್ತೆ. ಹಾಗಾದ್ರೆ ಕ್ಯಾಮೆರಾ 2.31 ಮೀಟರ್ ಎತ್ತರದಲ್ಲಿತ್ತು. ಫೋಟೊ ತೆಗೆದವರು ಟ್ರಾಲಿ ಮೇಲೆ ಹತ್ತಿ ನಿಂತಿರಬೇಕು.

ಸರ್ವೇಯರ್: ದಾರಿ ಸರಿಯಾಗಿದೆ ತಮ್ಮಾ, ಅಳತೆ ಮಾತ್ರ ತಪ್ಪು. 1.676 ಮೀಟರ್ ಬ್ರಾಡ್‌ಗೇಜ್‌ನ ಅಳತೆ. ಈ ಲೈನಿಗೆ ಬ್ರಾಡ್‌ಗೇಜ್ ಗಾಡಿ ಬಂದಿದ್ದು 2013ರಲ್ಲಿ. ತಾತನ ಕಾಲದಲ್ಲಿ ಇದ್ದದ್ದು ಎರಡೂವರೆ ಅಡಿಯ ನ್ಯಾರೋ ಗೇಜ್, ಅಂದರೆ 0.762 ಮೀಟರ್. ನಿಮ್ಮ ಲೆಕ್ಕ ತಪ್ಪು ಅಂತ ಫೋಟೊನೇ ಹೇಳುತ್ತೆ. ತಾತ ತಲೆಯಿಂದ ಪಾದಕ್ಕೆ 1280 ಪಿಕ್ಸೆಲ್ ಇದ್ದಾರೆ. 1.676 ಹಾಕಿದರೆ ಅವರು 3.7 ಮೀಟರ್ ಎತ್ತರ ಆಗ್ತಾರೆ, ಹನ್ನೆರಡು ಅಡಿ! 0.762 ಹಾಕಿದರೆ 1.68 ಮೀಟರ್, ಐದೂವರೆ ಅಡಿ. ಕಂಬಿ ಅಗಲದಿಂದ ಏನೇ ಅಳೆದರೂ ಹೀಗೆ ಫೋಟೊದಲ್ಲಿರೋ ಒಬ್ಬ ಮನುಷ್ಯನನ್ನೂ ಅಳೆದು ನೋಡಿಕೊಳ್ಳಿ.

ಹಾಗಾಗಿ ಕ್ಯಾಮೆರಾ ಎತ್ತರ 0.762 × 800 ÷ 580, ಅಂದರೆ 1.05 ಮೀಟರ್. ಇದು ಯಾಕೆ ಕೆಲಸ ಮಾಡುತ್ತೆ ಅಂದ್ರೆ, ಮಟ್ಟ ನೆಲದ ಮೇಲೆ ಯಾವ ಜಾಗ ತಗೊಂಡರೂ ಅಲ್ಲಿಂದ ದಿಗಂತದವರೆಗಿನ ಎತ್ತರ ಕ್ಯಾಮೆರಾದ ಎತ್ತರಕ್ಕೆ ಸಮ. ದೂರ ಹೋದಂತೆ ಅದು ಚಿಕ್ಕದಾಗಿ ಕಾಣುತ್ತೆ, ಕಂಬಿ ಅಗಲವೂ ಅಷ್ಟೇ ಚಿಕ್ಕದಾಗುತ್ತೆ. ಆದ್ದರಿಂದ ಯಾವ ಸಾಲಿನಲ್ಲಿ ಅಳೆದರೂ ಉತ್ತರ ಒಂದೇ ಬರಬೇಕು. ಇನ್ನೆರಡು ಸಾಲಿನಲ್ಲಿ ಅಳೆದು ನೋಡಿ. ಬೇರೆ ಬೇರೆ ಬಂದರೆ ಕಂಬಿ ತಿರುವಿನಲ್ಲಿದೆ, ಇಲ್ಲವೇ ಏರುಪೇರಿನಲ್ಲಿದೆ ಅಂತ ಅರ್ಥ.

ಈಗ ಅಡ್ಡಕ್ಕೆ ಎಲ್ಲಿ ನಿಂತಿದ್ದರು ಅಂತ. ಕೂಡುವ ಚುಕ್ಕಿಯಿಂದ ನೇರ ಕೆಳಕ್ಕೆ ಗೆರೆ ಇಳಿಸಿ. ಕ್ಯಾಮೆರಾ ಆ ಗೆರೆಯ ಮೇಲೇ ಇತ್ತು. 1900ರ ಸಾಲಿನಲ್ಲಿ ಅದು ಎಡಗಂಬಿಯಿಂದ 460 ಪಿಕ್ಸೆಲ್ ಆಚೆ ಬರುತ್ತೆ. 580ಕ್ಕೆ 762 ಮಿಲಿಮೀಟರ್ ಆದರೆ 460ಕ್ಕೆ ಸುಮಾರು 60 ಸೆಂಟಿಮೀಟರ್. ಅಂದರೆ ಅವರೂ ಕಂಬಿ ಒಳಗೇ ನಿಂತಿದ್ದರು, ಬಲಗಂಬಿಗೆ ಹತ್ತಿರ. ಈ ಅಳತೆ ಕೆಲವೇ ಸೆಂಟಿಮೀಟರ್ ಆಚೀಚೆ ಆಗಬಹುದು, ಅಷ್ಟೇ.

ಚಿಂತಾಮಣಿಯ ಫೋಟೋಗ್ರಾಫರ್: ಮೂರೂವರೆ ಅಡಿ, ಚೌಕದ ಫೋಟೊ ಅಂದ್ರೆ ರೋಲಿಫ್ಲೆಕ್ಸ್, ಯಾಶಿಕಾ ತರದ್ದು. ಎರಡು ಲೆನ್ಸು, ಹೊಟ್ಟೆ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡೋದು. ಹಳೇ ಸ್ಟುಡಿಯೋಗಳಲ್ಲಿ ಜಾಸ್ತಿ ಅದೇ ಇರ್ತಿತ್ತು. ಆದರೆ ಲೆನ್ಸು 75 ಮಿಲಿಮೀಟರ್ ಆಗಿರಬಹುದು, 80 ಆಗಿರಬಹುದು. ಅದು ಗೊತ್ತಿಲ್ಲದೆ ದೂರ ಹೇಗೆ ಹೇಳ್ತೀರಾ?

ಸರ್ವೇಯರ್: ಲೆನ್ಸು ಬೇಕಾಗಿಲ್ಲ ಅಣ್ಣಾ. ಮೋರಿ ಗೋಡೆಯ ಬುಡ ದಿಗಂತದಿಂದ 225 ಕೆಳಗಿದೆ, ಕಲ್ಲುಕಂಬದ ಬುಡ 75 ಕೆಳಗಿದೆ. ದೂರ ಮೂರು ಪಟ್ಟಾದರೆ ಈ ಇಳಿತ ಮೂರನೇ ಒಂದಾಗುತ್ತೆ. ಅಂದರೆ ಕಲ್ಲುಕಂಬ ಕ್ಯಾಮೆರಾದಿಂದ ಮೋರಿಗಿಂತ ಮೂರು ಪಟ್ಟು ದೂರ. ಮೋರಿ ತುದಿಯಿಂದ ಕಲ್ಲುಕಂಬಕ್ಕೆ ಏರಿಯುದ್ದಕ್ಕೂ ಟೇಪು ಹಿಡಿದು ಅಳೆಯಿರಿ. ಅದರ ಅರ್ಧವೇ ಮೋರಿಯಿಂದ ಕ್ಯಾಮೆರಾಕ್ಕೆ ಇದ್ದ ದೂರ.

ಪ್ರಶ್ನೆ ಕೇಳಿದವರು: ಅಪ್ಪ, ತಮ್ಮ ಹೋಗಿ ಅಳೆದು ಬಂದರು. 30 ಮೀಟರ್ ಬಂತು.

ಸರ್ವೇಯರ್: ಹಾಗಾದರೆ ಮೋರಿ ತುದಿಯಿಂದ 15 ಮೀಟರ್ ಹಿಂದಕ್ಕೆ. ಒಂದು ಮಾತು ಮಾತ್ರ ನೆನಪಿರಲಿ. ಆ 75 ಪಿಕ್ಸೆಲ್‌ನಲ್ಲಿ ಮೂರು ಹೆಚ್ಚುಕಮ್ಮಿ ಆದರೂ 15 ಹೋಗಿ 14 ಅಥವಾ 16 ಆಗುತ್ತೆ. ಅಡ್ಡಕ್ಕೆ ಸೆಂಟಿಮೀಟರ್ ಲೆಕ್ಕ, ಉದ್ದಕ್ಕೆ ಮೀಟರ್ ಲೆಕ್ಕ. ಹತ್ತಿರದ ಇಳಿತ ದೊಡ್ಡದು, ಅಳೆಯೋದು ಸುಲಭ. ದೂರದ್ದು ಚಿಕ್ಕದು, ಅಲ್ಲೇ ತಪ್ಪು ಬೆಳೆಯುತ್ತೆ. ಜಾಗಕ್ಕೆ ಹೋದ ಮೇಲೆ ಕ್ಯಾಮೆರಾ ಮೂರೂವರೆ ಅಡಿಗೆ ಹಿಡಿದು ಹಿಂದೆ ಮುಂದೆ ಸರಿದು ನೋಡಿ. ಮೋರಿ ಗೋಡೆಯ ಮೇಲಂಚು ಆಚೆ ಕಲ್ಲುಕಂಬದ ಬುಡಕ್ಕೆ ಎಷ್ಟು ಹತ್ತಿರ ಬರುತ್ತೆ ಅಂತ ಹಳೇ ಫೋಟೊ ಜೊತೆ ಹೋಲಿಸಿ. ಆ ಒಂದು ಮೀಟರ್ ಅಲ್ಲೇ ಸರಿಹೋಗುತ್ತೆ.

ಮುಖ ಯಾವ ಕಡೆ ಇತ್ತು ಅಂತಾನೂ ನೋಡೋಣ. ಮ್ಯಾಪಿನಲ್ಲಿ ಹಳೇ ಏರಿ ಯಾವ ದಿಕ್ಕಿಗಿದೆ, ಅಲ್ಲಿಂದ ನಂದಿಯ ತುದಿ ಯಾವ ದಿಕ್ಕಿಗಿದೆ, ಡಿಗ್ರಿಯಲ್ಲಿ ಹೇಳಿ.

ಪ್ರಶ್ನೆ ಕೇಳಿದವರು: ಏರಿ 284, ನಂದಿ 262. ಆದರೆ ಅದು ನಂದಿನೇ ಅಂತ ಹೇಗೆ ನಂಬೋದು? ಸ್ಕಂದಗಿರಿ ಆಗಿರಬಹುದಲ್ವಾ ಅಂತ ಮಾವ ಕೇಳ್ತಿದ್ದಾರೆ.

ಸರ್ವೇಯರ್: ಸ್ಕಂದಗಿರಿ ನಂದಿಗಿಂತ ಉತ್ತರಕ್ಕಿದೆ. ನಿಮ್ಮ ಜಾಗದಿಂದ ಅದು ಕಂಬಿ ಹೋಗೋ ಕಡೆಗೇ, ಅಂದರೆ ತಾತನ ಹತ್ತಿರವೇ ಕಾಣಬೇಕಿತ್ತು. ಫೋಟೊದಲ್ಲಿ ಬೆಟ್ಟ ಎಡ ಅಂಚಿಗಿದೆ. ಇನ್ನೊಂದು ಪರೀಕ್ಷೆಯೂ ಇದೆ. 284ರಿಂದ 262ಕ್ಕೆ 22 ಡಿಗ್ರಿ. ಫೋಟೊದಲ್ಲಿ ಇದು 1650ರಿಂದ 400ರವರೆಗೆ. 75ರ ಲೆನ್ಸಿಗೆ ಲೆಕ್ಕ ಹಾಕಿದರೆ ಸರಿಯಾಗಿ 22 ಬರುತ್ತೆ. 80ಕ್ಕೆ ಇಪ್ಪತ್ತೂವರೆ. ನಂದಿ ಅನ್ನೋದು ಗಟ್ಟಿ. ಲೆನ್ಸು 75 ಅಂತ ನಾನು ಆಣೆ ಇಡಲ್ಲ. ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಿದ್ದರೆ ಆ ಲೆಕ್ಕ ಬದಲಾಗುತ್ತೆ.

75 ಅಂತಿಟ್ಟುಕೊಂಡರೆ ಫೋಟೊದ ನಡುಮಧ್ಯ ಕಂಬಿಯ ದಿಕ್ಕಿಗಿಂತ 8 ಡಿಗ್ರಿ ಎಡಕ್ಕಿದೆ. ಅಂದರೆ 276ರ ಕಡೆ ತಿರುಗಿಸಿದ್ದರು.

ಚಿಂತಾಮಣಿಯ ಫೋಟೋಗ್ರಾಫರ್: ಅಂಚು ಕತ್ತರಿಸದೆ ಪ್ರಿಂಟ್ ಹಾಕೋರು ಕಮ್ಮಿ. ಹಾಗಾದ್ರೆ ಈ ಲೆಕ್ಕ ಎಲ್ಲಾ ಸುಮ್ನೆ ಆಯ್ತಲ್ಲ?

ಸರ್ವೇಯರ್: ಇಲ್ಲ. ಕತ್ತರಿಸಿದ್ದರೆ ಹೋಗೋದು ಲೆನ್ಸಿನ ಲೆಕ್ಕ, ಆ 276, ಇವೆರಡೇ, ಯಾಕಂದ್ರೆ ನಡುಮಧ್ಯ ಸರಿದಿರುತ್ತೆ. ಎತ್ತರ, ಅಡ್ಡದ ಜಾಗ, ಮೋರಿಯಿಂದ ದೂರ, ಈ ಮೂರಕ್ಕೂ ನಾವು ಫೋಟೊದ ಮಧ್ಯವನ್ನು ಮುಟ್ಟೇ ಇಲ್ಲ. ನಿಲ್ಲುವ ಜಾಗ ಸರಿಯಿದ್ದರೆ ಯಾವ ಲೆನ್ಸಿನಲ್ಲಿ ತೆಗೆದರೂ ಆಮೇಲೆ ಕತ್ತರಿಸಿ ಅದೇ ಚೌಕ ಮಾಡಿಕೊಳ್ಳಬಹುದು.

ಕೋಲಾರದ ಮೇಡಂ: ನನ್ನ ಹತ್ರ ಅಂತರಗಂಗೆ ಮೆಟ್ಟಿಲ ಮೇಲೆ ಅಮ್ಮ ನಿಂತಿರೋ ಫೋಟೊ ಇದೆ. ಮೆಟ್ಟಿಲ ಎರಡೂ ಅಂಚಿನ ಗೆರೆ ಎಳೆದೆ. ಅಮ್ಮನ ತಲೆಗಿಂತ ಎಷ್ಟೋ ಮೇಲೆ ಕೂಡಿದವು. ಅಂದ್ರೆ ಮರ ಹತ್ತಿ ತೆಗೆದರಾ?

ಸರ್ವೇಯರ್: ಇಲ್ಲ ಮೇಡಂ. ಮೇಲಕ್ಕೆ ಏರುವ ಗೆರೆಗಳು ದಿಗಂತಕ್ಕಿಂತ ಮೇಲೆ ಕೂಡುತ್ತವೆ, ಇಳಿಯುವ ಗೆರೆಗಳು ಕೆಳಗೆ. ಮೆಟ್ಟಿಲ ಓರೆಯಿಂದ ದಿಗಂತ ಸಿಗಲ್ಲ. ಪಕ್ಕದಲ್ಲಿ ಮಟ್ಟವಾಗಿರೋ ಮಂಟಪದ ತೊಲೆ, ಕಟ್ಟೆಯ ಅಂಚು ಏನಾದರೂ ಓರೆಯಾಗಿ ದೂರ ಹೋಗ್ತಿದ್ದರೆ ಅದರ ಮೇಲಿನ ಗೆರೆ, ಕೆಳಗಿನ ಗೆರೆ ಎಳೆದು ಕೂಡಿಸಿ. ಅಂಥದ್ದು ಏನೂ ಇಲ್ಲದಿದ್ದರೆ ಆ ಫೋಟೊದಿಂದ ಎತ್ತರ ಹೇಳೋದು ಕಷ್ಟ.

ಪ್ರಶ್ನೆ ಕೇಳಿದವರು: ಸಾರ್, ಒಂದು ತೊಂದರೆ. ಊರಿನ ಅಜ್ಜಿಯೊಬ್ಬರು ಹೇಳ್ತಾರೆ, ರಸ್ತೆ ಅಗಲ ಮಾಡುವಾಗ ಆ ಕಲ್ಲುಕಂಬ ಕಿತ್ತು ಪಕ್ಕದಲ್ಲಿ ನೆಟ್ಟರಂತೆ. ಇನ್ನೊಬ್ಬರು ಇಲ್ಲ ಅಂತಾರೆ.

ಸರ್ವೇಯರ್: ಒಳ್ಳೇದಾಯ್ತು ಕೇಳಿದ್ದು. ಹಾಗಾದರೆ ಕಲ್ಲುಕಂಬ ಬಿಟ್ಟು ಮೋರಿ ಗೋಡೆಯ ಎರಡು ತುದಿಗಳನ್ನೇ ತಗೊಳ್ಳಿ. ಗೋಡೆ ಕಂಬಿಯುದ್ದಕ್ಕೆ ಇರುತ್ತೆ, ಅದನ್ನ ಯಾರೂ ಸರಿಸಿರಲ್ಲ. ಹತ್ತಿರದ ತುದಿಯ ಇಳಿತ 225 ಗೊತ್ತಿದೆ. ದೂರದ ತುದಿಯ ಬುಡ ಫೋಟೊದಲ್ಲಿ ಎಲ್ಲಿದೆ, ಗೋಡೆ ಎಷ್ಟು ಉದ್ದ ಇದೆ, ಅಳೆದು ಹಾಕಿ. ಗೋಡೆ 3 ಮೀಟರ್ ಇದ್ದು ದೂರದ ತುದಿಯ ಇಳಿತ 187 ಅಥವಾ 188 ಬಂದರೆ ಮತ್ತೆ 15 ಮೀಟರೇ ಸಿಗುತ್ತೆ, ಕಲ್ಲುಕಂಬ ಅಲ್ಲಾಡಿಲ್ಲ ಅಂತಾಯಿತು. ಅಳತೆ ಚಿಕ್ಕದಾದ್ದರಿಂದ ಒಂದೂವರೆ ಮೀಟರ್ ಆಚೀಚೆ ಬಂದರೆ ಗಾಬರಿ ಆಗಬೇಡಿ.

ಗೋಡೆಯ ಬುಡ ಕಂಬಿಯ ಮಟ್ಟದಲ್ಲೇ ಇತ್ತಾ ಅಂತಲೂ ನೋಡಿ. 20 ಸೆಂಟಿಮೀಟರ್ ಕೆಳಗಿದ್ದರೆ ಆ ಇಳಿತ 1.05 ಮೀಟರ್‌ದಲ್ಲ, 1.25ರದ್ದು. ಗೋಡೆಯ ಎರಡು ತುದಿಯನ್ನೇ ಹೋಲಿಸಿದರೆ ಇದರಿಂದ ತೊಂದರೆ ಇಲ್ಲ, ಎರಡೂ ಒಂದೇ ಮಟ್ಟ. ಗೋಡೆಯನ್ನೂ ಕಲ್ಲುಕಂಬವನ್ನೂ ಹೋಲಿಸಿದಾಗ ಮಾತ್ರ ಲೆಕ್ಕ ಕೆಡುತ್ತೆ.

ಪ್ರಶ್ನೆ ಕೇಳಿದವರು: ಭಾನುವಾರ ಹೋಗಿ ಅಳೀತೀವಿ ಸಾರ್. ಬುಡದಲ್ಲಿ ಮುಳ್ಳುಗಿಡ ಬೆಳೆದಿದೆ, ಮೊದಲು ಕಡಿಸಬೇಕು.

ಸರ್ವೇಯರ್: ಕಡಿಸಿ, ಬುಡ ಕಾಣದೆ ಅಳೆಯಬೇಡಿ. ಮಣ್ಣು ತುಂಬಿಕೊಂಡಿದ್ದರೆ ಸ್ವಲ್ಪ ಅಗೆದು ಹಳೇ ಮಟ್ಟ ನೋಡಿ. ಪಕ್ಕದ ಹೊಸ ಕಂಬಿಯಲ್ಲಿ ಗಾಡಿ ಓಡಾಡುತ್ತೆ, ಆ ಕಡೆ ಟೇಪು ಎಳೀಬೇಡಿ.