ಸಹಾಯ ಬೇಕು: ಕಡಿತ ಮಾಡಿದ ಸಾಲದ ಠರಾವಿನ ಒಕ್ಕಣೆ

ಸಹಕಾರಿ ಬ್ಯಾಂಕಿನ ಸಾಲ ಮಂಜೂರಾತಿ ಸಮಿತಿಯ ನಡಾವಳಿ ಬರೆದು ರೂಢಿ ಇರುವವರು ದಯವಿಟ್ಟು ನೋಡಿ. ಸದಸ್ಯರ ಸಹಿ ಇನ್ನೂ ಆಗಿಲ್ಲ.

ಅರ್ಜಿದಾರರು ಕೇಳಿದ್ದು 10 ಲಕ್ಷ. ಭದ್ರತೆಗೆ ಕೊಟ್ಟ ಮನೆಗೆ ಮೌಲ್ಯಮಾಪಕರು ಹಾಕಿದ ಬೆಲೆ 16 ಲಕ್ಷ. ನಮ್ಮ ಸಾಲ ನೀತಿಯಂತೆ ಅದರ ಅರ್ಧ, ಅಂದರೆ 8 ಲಕ್ಷ ಮಾತ್ರ ಕೊಡಬಹುದು. ಮನೆ ಅಣ್ಣ-ತಮ್ಮ ಇಬ್ಬರ ಹೆಸರಿನಲ್ಲಿದೆ, ಅರ್ಜಿಯಲ್ಲಿ ತಮ್ಮನ ಸಹಿ ಮಾತ್ರ ಇದೆ.

ಕರಡಿನಲ್ಲಿ ಇರುವುದು ಇಷ್ಟೇ: "ಚರ್ಚಿಸಿ, ಷರತ್ತಿಗೊಳಪಟ್ಟು 8 ಲಕ್ಷ ಮಂಜೂರು ಮಾಡಲಾಯಿತು." 2 ಲಕ್ಷ ಕಡಿತವಾದದ್ದು ಭದ್ರತೆ ಸಾಲದೆಯೋ, ಮರುಪಾವತಿ ಶಕ್ತಿ ಕಡಿಮೆಯೆಂದೋ ಇದರಿಂದ ತಿಳಿಯುವುದಿಲ್ಲ. ನಾಳೆ ಅವರು ಹೆಚ್ಚಿನ ಭದ್ರತೆ ತಂದರೆ ಮರುಪರಿಶೀಲನೆಗೆ ಆಧಾರವೇ ಇರದು. ಷರತ್ತು ಏನು, ಅದನ್ನು ಯಾವಾಗ ಪೂರೈಸಬೇಕು ಎಂಬುದೂ ಇಲ್ಲ. ಶಾಖೆಯವರು ಹಣ ಬಿಡುಗಡೆ ಮಾಡಿದ ಮೇಲೆ ಅಣ್ಣ ಒಪ್ಪದಿದ್ದರೆ ಪೂರ್ತಿ ಮನೆಯ ಅಡಮಾನ ಕೈತಪ್ಪುತ್ತದೆ.

ನಾನು ಬರೆದಿರುವ ಬದಲಿ: "ಮರುಪಾವತಿ ಶಕ್ತಿ ತೃಪ್ತಿಕರ. ಭದ್ರತಾ ಮೌಲ್ಯದ ಶೇ. 50ರ ಮಿತಿಯಿಂದಾಗಿ 8 ಲಕ್ಷ ಮಂಜೂರು. ಸಹಮಾಲೀಕರು ಅಡಮಾನ ಪತ್ರಕ್ಕೆ ಸಹಿ ಮಾಡಿದ ನಂತರವೇ ಹಣ ಬಿಡುಗಡೆ."

ಅಣ್ಣನನ್ನು ಜಾಮೀನುದಾರರನ್ನಾಗಿಯೂ ಇದೇ ಠರಾವಿನಲ್ಲಿ ಸೇರಿಸಬೇಕೇ? ನಿಮ್ಮಲ್ಲಿ ಬಳಸುವ ಒಕ್ಕಣೆ ಇದ್ದರೆ ಹೆಸರುಗಳನ್ನು ಅಳಿಸಿ ಇಲ್ಲಿ ಹಂಚಿಕೊಳ್ಳಿ.