ಎಕ್ಸೆಲ್ ಸರ್ಟಿಫಿಕೇಟ್ ಇದ್ದರೆ ಅಕೌಂಟ್ಸ್ ಕೆಲಸ ಸಿಗುತ್ತಾ?

ಕಾವ್ಯ, ಹಾವೇರಿ
ಬಿ.ಕಾಂ ಮುಗಿದಿದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಹುಡುಕುತ್ತಿದ್ದೇನೆ. ಇಲ್ಲಿನ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸೆಲ್ ಸರ್ಟಿಫಿಕೇಟ್ ಮಾಡಿಕೊಳ್ಳಿ, ಬೇಗ ಕೆಲಸ ಸಿಗುತ್ತೆ ಅನ್ನುತ್ತಾರೆ. ಫೀಸಿಗೆ ಅಪ್ಪನ ಹತ್ತಿರ ಕೇಳಬೇಕು. ನಿಜವಾಗಿಯೂ ಉಪಯೋಗ ಇದೆಯಾ?

ಮಂಜು, ದಾವಣಗೆರೆ
ಬೇಡ ತಂಗಿ, ಸುಮ್ನೆ ದುಡ್ಡು ದಂಡ. ನಾನು ಮೂರು ಕಡೆ ಕೆಲಸ ಮಾಡಿದ್ದೇನೆ. ಎಲ್ಲೂ ಸರ್ಟಿಫಿಕೇಟ್ ಕೇಳಲಿಲ್ಲ. "ಟ್ಯಾಲಿ ಬರುತ್ತಾ?" ಅಂತ ಮಾತ್ರ ಕೇಳಿದರು. ಆ ಪರೀಕ್ಷೆಯಲ್ಲೂ ನಾಲ್ಕು ಉತ್ತರ ಕೊಟ್ಟು ಒಂದನ್ನು ಟಿಕ್ ಮಾಡಿ ಅನ್ನುತ್ತಾರೆ, ಅಷ್ಟೇ. ಬಾಯಿಪಾಠ ಮಾಡಿದವರೆಲ್ಲ ಪಾಸು. XLOOKUP ಒಂದು ಕಲಿತರೆ ಸಾಕು, ಆಫೀಸಿನ ಎಲ್ಲ ಕೆಲಸ ಆಗುತ್ತೆ.

ಬಸವರಾಜ, ವಿಜಯಪುರ
ಎಫ್‌ಡಿಎ, ಎಸ್‌ಡಿಎಗೆ ಕಂಪ್ಯೂಟರ್ ಸರ್ಟಿಫಿಕೇಟ್ ಬೇಕೇ ಬೇಕು ಅಲ್ವಾ? ನಾನು ಅದಕ್ಕಾಗಿಯೇ ಸಿಸಿಸಿ ಪಾಸ್ ಮಾಡಿ ಇಟ್ಟುಕೊಂಡಿದ್ದೇನೆ. ನೂರು ಪ್ರಶ್ನೆ, ಒಂದೂವರೆ ಗಂಟೆ. ಮೇಡಂ, ನೀವೂ ಅದನ್ನೇ ಮಾಡಿ.

ಪೀಣ್ಯದ ಅಕೌಂಟೆಂಟ್
ಬಸವರಾಜ ಅವರೇ, ಕಾವ್ಯ ಕೇಳಿದ್ದು ಖಾಸಗಿ ಕೆಲಸದ ಬಗ್ಗೆ. ಸಿಸಿಸಿಯನ್ನು ಉತ್ತರ ಪ್ರದೇಶದಲ್ಲಿ ಕೆಲವು ಹುದ್ದೆಗಳಿಗೆ ಕೇಳುತ್ತಾರೆ. ನಮ್ಮಲ್ಲಿ ಸರ್ಕಾರಿ ನೌಕರರಿಗೆ ಬೇರೆಯದೇ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ, 2012ರ ನಿಯಮದ ಪ್ರಕಾರ. ಅದು ಕೆಲಸಕ್ಕೆ ಸೇರಿದವರಿಗೆ. ನೀವು ಅರ್ಜಿ ಹಾಕುವಾಗ ಆಯಾ ಅಧಿಸೂಚನೆಯನ್ನೇ ಓದಿ.

ಮಂಜು ಅವರ ಮಾತಿನಲ್ಲಿ ಅರ್ಧ ಸರಿ. ನಾನು ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದಿಂದ ಅಸಿಸ್ಟೆಂಟ್‌ಗಳ ಇಂಟರ್‌ವ್ಯೂ ನಾನೇ ಮಾಡುವುದು. ಸರ್ಟಿಫಿಕೇಟ್ ನೋಡಿ ಇದುವರೆಗೆ ಯಾರನ್ನೂ ತೆಗೆದುಕೊಂಡಿಲ್ಲ. ಆದರೆ ಆ ಪರೀಕ್ಷೆ ಟಿಕ್ ಮಾಡುವ ಪರೀಕ್ಷೆ ಅಲ್ಲ. ಎಕ್ಸೆಲ್ ಒಳಗೇ ಕೂತು ಮಾಡಬೇಕು. ಸಮಯ 50 ನಿಮಿಷ. ಸಾವಿರಕ್ಕೆ 700 ಬಂದರೆ ಪಾಸು.

ಕಾವ್ಯ, ಇನ್‌ಸ್ಟಿಟ್ಯೂಟ್‌ನವರನ್ನು ಮೊದಲು ಒಂದು ಕೇಳಿ: ಅದು ಅಸೋಸಿಯೇಟ್ ಪರೀಕ್ಷೆಯೋ, ಎಕ್ಸ್‌ಪರ್ಟ್ ಪರೀಕ್ಷೆಯೋ? ಅಸೋಸಿಯೇಟ್‌ನಲ್ಲಿ SUM, AVERAGE, IF, ಟೇಬಲ್, ಚಾರ್ಟ್ ಇಂಥವು ಬರುತ್ತವೆ. VLOOKUP, ಪಿವೋಟ್ ಟೇಬಲ್ ಬರುವುದು ಎಕ್ಸ್‌ಪರ್ಟ್‌ನಲ್ಲಿ. ಅಕೌಂಟ್ಸ್‌ನಲ್ಲಿ ದಿನಾ ಬೇಕಾಗುವುದು ಆ ಎರಡೇ. ಹೆಸರು ಕೇಳಿ ಫೀಸ್ ಕಟ್ಟಿ, ಬೇಕಾದ್ದೇ ಅದರಲ್ಲಿಲ್ಲ ಅಂತ ಆಮೇಲೆ ಗೊತ್ತಾದವರನ್ನು ನೋಡಿದ್ದೇನೆ. ನೋವಾಗುತ್ತೆ.

ಮಂಜು, ದಾವಣಗೆರೆ
ಪರೀಕ್ಷೆಯ ವಿಷಯ ತಪ್ಪಾಗಿ ಹೇಳಿದೆ ಸರ್. ನನ್ನ ಹತ್ತಿರ ಇರುವುದು ಇಲ್ಲಿನ ಒಂದು ಸೆಂಟರ್‌ನ ಸರ್ಟಿಫಿಕೇಟ್. ಅದನ್ನೇ ನೆನಪಲ್ಲಿಟ್ಟುಕೊಂಡು ಬರೆದೆ. ಅಲ್ಲಿ ಹಾಜರಿ ಇದ್ದವರಿಗೆಲ್ಲ ಕೊಟ್ಟರು. ಆದರೆ ಸರ್ಟಿಫಿಕೇಟ್ ಬೇಡ ಅಂದರೆ ಇಂಟರ್‌ವ್ಯೂನಲ್ಲಿ ನೀವು ಏನು ನೋಡುತ್ತೀರಿ?

ಪೀಣ್ಯದ ಅಕೌಂಟೆಂಟ್
ಎರಡು ಶೀಟ್ ಕೊಟ್ಟು ಮುಕ್ಕಾಲು ಗಂಟೆ ಬಿಡುತ್ತೇನೆ. ಒಂದು ನಮ್ಮ ಟ್ಯಾಲಿಯಿಂದ ತೆಗೆದ ಪರ್ಚೇಸ್ ರಿಜಿಸ್ಟರ್, ಇನ್ನೊಂದು ಅದೇ ತಿಂಗಳ ಜಿಎಸ್‌ಟಿಆರ್-2ಬಿ, ಅಂದರೆ ಸಪ್ಲೈಯರ್‌ಗಳು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ. ಹೆಸರು, ನಂಬರ್ ಎಲ್ಲ ಬದಲಾಯಿಸಿರುತ್ತೇನೆ. ರಿಜಿಸ್ಟರ್‌ನಲ್ಲಿ 62 ಬಿಲ್, ಒಟ್ಟು ತೆರಿಗೆ 1,84,320 ರೂಪಾಯಿ. 2ಬಿಯಲ್ಲಿ 60 ಬಿಲ್, 1,71,900 ರೂಪಾಯಿ. 12,420 ರೂಪಾಯಿ ವ್ಯತ್ಯಾಸ ಯಾಕೆ ಬಂತು? ಇದೊಂದೇ ಪ್ರಶ್ನೆ.

ಹೆಚ್ಚಿನವರು ಬಿಲ್ ನಂಬರ್ ಮೇಲೆ VLOOKUP ಹಾಕುತ್ತಾರೆ. 19 ಕಡೆ #N/A ಬರುತ್ತೆ. ಹತ್ತೊಂಬತ್ತು ಬಿಲ್ ಬಂದಿಲ್ಲ ಸರ್ ಅನ್ನುತ್ತಾರೆ. ಎರಡೂ ಕಡೆ ಬಿಲ್ ಸಂಖ್ಯೆ ಎಷ್ಟಿದೆ ನೋಡಿದ್ದರೆ ಎಲ್ಲೋ ತಪ್ಪಿದೆ ಅಂತ ಅನುಮಾನ ಬರುತ್ತಿತ್ತು. ನಿಜವಾದ ಕಾರಣ, ಕೆಲವು ನಂಬರ್‌ಗಳ ಕೊನೆಯಲ್ಲಿ ಸ್ಪೇಸ್ ಇದೆ. ಇನ್ನು ಕೆಲವು ಒಂದು ಶೀಟ್‌ನಲ್ಲಿ ಸಂಖ್ಯೆಯಾಗಿ, ಇನ್ನೊಂದರಲ್ಲಿ ಟೆಕ್ಸ್ಟ್ ಆಗಿ ಕೂತಿವೆ. ಕಣ್ಣಿಗೆ ಎರಡೂ ಒಂದೇ, ಎಕ್ಸೆಲ್‌ಗೆ ಬೇರೆ ಬೇರೆ.

ಇನ್ನೊಂದು ಅಪಾಯ ಇದೆ. ಬಿಲ್ ನಂಬರ್ 12 ಅನ್ನುವುದು ಇಬ್ಬರು ಸಪ್ಲೈಯರ್‌ಗಳ ಹತ್ತಿರವೂ ಇರಬಹುದು. ಆಗ #N/A ಬರುವುದಿಲ್ಲ, ಬೇರೆಯವರ ತೆರಿಗೆ ತಂದು ಕೂರಿಸುತ್ತೆ. ಅದಕ್ಕೆ ಜಿಎಸ್‌ಟಿ ನಂಬರ್, ಬಿಲ್ ನಂಬರ್ ಎರಡನ್ನೂ ಸೇರಿಸಿ ಹುಡುಕಬೇಕು. 2ಬಿ ಶೀಟ್‌ನ H ಕಾಲಂನಲ್ಲಿ ಅವೆರಡಕ್ಕೂ ಸ್ಪೇಸ್ ತೆಗೆಯುವ TRIM ಹಾಕಿ ಜೋಡಿಸಿಟ್ಟುಕೊಂಡು, ರಿಜಿಸ್ಟರ್‌ನಲ್ಲಿ ಹೀಗೆ:

```
=VLOOKUP(TRIM(A2)&TRIM(C2),'2B'!$H:$K,4,FALSE)
```

ಹೀಗೆ ಜೋಡಿಸಿದಾಗ ಎಲ್ಲವೂ ಟೆಕ್ಸ್ಟ್ ಆಗುವುದರಿಂದ ಸಂಖ್ಯೆ-ಟೆಕ್ಸ್ಟ್ ಗೊಂದಲ ತಾನಾಗಿಯೇ ಹೋಗುತ್ತೆ. ಕೊನೆಯ FALSE ಬಿಟ್ಟರೆ ಮಾತ್ರ ಸಿಕ್ಕಿದ್ದನ್ನು ತಂದು ಹಾಕುತ್ತೆ. ಮಂಜು ಅವರೇ, XLOOKUP ಒಳ್ಳೆಯದೇ. ಆದರೆ 2019ರವರೆಗಿನ ಎಕ್ಸೆಲ್‌ನಲ್ಲಿ ಅದು ಇಲ್ಲ. ಸಣ್ಣ ಆಫೀಸುಗಳಲ್ಲಿ ಹಳೆಯದೇ ಇರುತ್ತೆ.

ಮಂಜು, ದಾವಣಗೆರೆ
ನಮ್ಮಲ್ಲೂ 2016. ಮನೆಯಲ್ಲಿ ಮಾಡಿ ತಂದ ಫೈಲ್ ಆಫೀಸಲ್ಲಿ #NAME? ಅಂತ ತೋರಿಸುತ್ತಿತ್ತು. ಕಾರಣ ಈಗ ಗೊತ್ತಾಯಿತು. ಹೀಗೆ ಸರಿ ಮಾಡಿದ ಮೇಲೆ 19 ಎಷ್ಟಾಗುತ್ತೆ?

ಪೀಣ್ಯದ ಅಕೌಂಟೆಂಟ್
ಎರಡೇ ಉಳಿಯುತ್ತೆ. ಒಂದು 45,000 ರೂಪಾಯಿಯ ಬಿಲ್, 18 ಪರ್ಸೆಂಟ್ ತೆರಿಗೆ 8,100. ಇನ್ನೊಂದು 24,000ದ್ದು, ತೆರಿಗೆ 4,320. ಕೂಡಿದರೆ ಸರಿಯಾಗಿ 12,420. ಇಲ್ಲಿಗೆ ಬಂದವರು ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಬಹಳ ಜನ ಇಲ್ಲಿಗೇ ನಿಲ್ಲಿಸಿ "ಇಬ್ಬರೂ ರಿಟರ್ನ್ ಹಾಕಿಲ್ಲ" ಅಂತ ಬರೆದುಬಿಡುತ್ತಾರೆ.

ಮೊದಲನೆಯದಕ್ಕೆ ಆ ಮಾತು ನಿಜ. ಸಪ್ಲೈಯರ್ 11ನೇ ತಾರೀಖಿನೊಳಗೆ ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಹಾಕಿಲ್ಲ, 14ರಂದು ಬಂದ 2ಬಿಯಲ್ಲಿ ಬಿಲ್ ಇಲ್ಲ. ಆ 8,100ನ್ನು ಈ ತಿಂಗಳು ಕ್ಲೈಮ್ ಮಾಡುವ ಹಾಗಿಲ್ಲ. ಅವರಿಗೆ ಫೋನ್ ಮಾಡಿ ನೆನಪಿಸಬೇಕು. ಅವರು ಮೂರು ತಿಂಗಳಿಗೊಮ್ಮೆ ಹಾಕುವವರಾದರೆ ಕಾಯಬೇಕಾಗಬಹುದು.

ಎರಡನೆಯದು ಬೇರೆ. ರಿಜಿಸ್ಟರ್‌ನಲ್ಲಿ INV/457 ಅಂತ ಒಂದು ಎಂಟ್ರಿ ಇದೆ, ಅದು 2ಬಿಗೆ ಹೊಂದಿದೆ. ಕೆಳಗೆ INV-0457 ಅಂತ ಇನ್ನೊಂದಿದೆ. ಅದೇ ಬಿಲ್‌ನ್ನು ಎರಡು ಸಲ ಎಂಟ್ರಿ ಮಾಡಿದ್ದಾರೆ. ತಪ್ಪು ನಮ್ಮದು, ಸಪ್ಲೈಯರ್‌ದಲ್ಲ. ಅವರಿಗೆ ಫೋನ್ ಮಾಡಿ ಜಗಳ ಮಾಡಿದರೆ ನಮ್ಮ ಮಾನ ಹೋಗುತ್ತೆ. ಎರಡು ಸಲ ಹಣ ಕೊಟ್ಟರೆ ಇನ್ನೂ ಕಷ್ಟ. ಪತ್ತೆ ಮಾಡಲು ಜಿಎಸ್‌ಟಿ ನಂಬರ್ ಮತ್ತು ಮೊತ್ತ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು:

```
=COUNTIFS(A:A,A2,D:D,D2)
```

2 ಬಂದರೆ ಅನುಮಾನ. ಖಚಿತ ಅಲ್ಲ. ಒಂದೇ ಸಪ್ಲೈಯರ್‌ನಿಂದ ಒಂದೇ ಮೊತ್ತದ ಎರಡು ಬಿಲ್ ನಿಜವಾಗಿಯೂ ಇರಬಹುದು. ಫೈಲಿನಿಂದ ಬಿಲ್ ತೆಗೆದು ನೋಡಲೇಬೇಕು. "ಬಿಲ್ ನೋಡಬಹುದಾ ಸರ್?" ಅಂತ ಕೇಳಿದವರಿಗೆ ನಾನು ಕೆಲಸ ಕೊಟ್ಟಿದ್ದೇನೆ, ಫಾರ್ಮುಲಾ ನಿಧಾನವಾಗಿ ಹಾಕಿದ್ದರೂ.

ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಈ ಭಾಗ ಬರುವುದಿಲ್ಲ. ಯಾವ ಕಾಲಂಗೆ ಏನು ಮಾಡಬೇಕು ಅಂತ ಅಲ್ಲಿ ಅವರೇ ಹೇಳುತ್ತಾರೆ. ಇಲ್ಲಿ ಯಾರೂ ಹೇಳುವುದಿಲ್ಲ.

ಶೋಭಾ, ಮಂಗಳೂರು
ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಿಮ್ಮ ಮುಂದೆ ಕೂರುವವರೆಗೆ ಬರುವುದೇ ಕೆಲವರಿಗೆ ಕಷ್ಟ. ಮಗು ಆದ ಮೇಲೆ ನಾನು ಆರು ವರ್ಷ ಮನೆಯಲ್ಲಿದ್ದೆ. ರೆಸ್ಯೂಮೆ ಕಳಿಸಿದರೆ ಉತ್ತರವೇ ಇಲ್ಲ. ಎಕ್ಸ್‌ಪರ್ಟ್ ಪರೀಕ್ಷೆ ಪಾಸ್ ಮಾಡಿ ಅದನ್ನು ರೆಸ್ಯೂಮೆಯ ಮೇಲ್ಗಡೆ ಹಾಕಿದೆ. ಎರಡು ಕಡೆಯಿಂದ ಕರೆ ಬಂತು. ಒಬ್ಬರು ನೇರವಾಗಿ ಹೇಳಿದರು, "ಗ್ಯಾಪ್ ಇದ್ದರೂ ಈಗಿನದ್ದು ಕಲಿತಿದ್ದೀರಿ ಅಂತ ಇದರಿಂದ ಗೊತ್ತಾಯಿತು" ಅಂತ. ಈಗ ಅಲ್ಲೇ ಇದ್ದೇನೆ.

ಪೀಣ್ಯದ ಅಕೌಂಟೆಂಟ್
ಮೇಡಂ, ನಿಮ್ಮ ಹಾಗೆ ಮತ್ತೆ ಕೆಲಸಕ್ಕೆ ಬರುವವರ ವಿಷಯ ನಾನು ಯೋಚಿಸಿರಲಿಲ್ಲ. ನಮ್ಮಲ್ಲಿಗೆ ರೆಸ್ಯೂಮೆ ಬರುವುದು ಪರಿಚಯದವರ ಮೂಲಕ. ದೊಡ್ಡ ಕಂಪನಿಗಳಲ್ಲಿ ಎಚ್‌ಆರ್‌ನವರು ಮೊದಲು ಸೋಸುತ್ತಾರೆ, ಅಲ್ಲಿ ಅದು ಕಣ್ಣಿಗೆ ಬೀಳಬಹುದು. ಆದರೂ ಹೊಸದಾಗಿ ಬಿ.ಕಾಂ ಮುಗಿಸಿದವರಿಗೆ ಸಾಲ ಮಾಡಿ ಮಾಡಿಕೊಳ್ಳಿ ಅಂತ ನಾನು ಹೇಳಲಾರೆ.

ಶೋಭಾ, ಮಂಗಳೂರು
ಹೊಸಬರಿಗೆ ಪರಿಚಯದವರು ಎಲ್ಲಿರುತ್ತಾರೆ ಸರ್? ಹಾವೇರಿಯಿಂದ ಬೆಂಗಳೂರಿಗೆ ಅರ್ಜಿ ಹಾಕುವ ಹುಡುಗಿಗೆ ಅದೊಂದು ಸಾಲೂ ಬೇಕಾಗುತ್ತೆ. ನಾನಂತೂ ಬೇಡ ಅನ್ನುವುದಿಲ್ಲ. ಅಸೋಸಿಯೇಟ್‌ಗೆ ಮಾತ್ರ ದುಡ್ಡು ಹಾಕಬೇಡ ಕಾವ್ಯ.

ಕಾವ್ಯ, ಹಾವೇರಿ
ಕೇಳಿದೆ ಅಕ್ಕ, ಅವರು ಮಾಡಿಸುವುದು ಅಸೋಸಿಯೇಟ್. ಎಕ್ಸ್‌ಪರ್ಟ್ ಆಮೇಲೆ ಬೇರೆ ಫೀಸ್ ಕಟ್ಟಿ ಅಂದರು. ಈಗ ಬೇಡ ಅಂತ ಬಂದೆ. ಸರ್, ನೀವು ಹೇಳಿದ ಟೆಸ್ಟ್ ಮನೆಯಲ್ಲೇ ಅಭ್ಯಾಸ ಮಾಡಲು 2ಬಿ ಎಲ್ಲಿ ಸಿಗುತ್ತೆ?

ಪೀಣ್ಯದ ಅಕೌಂಟೆಂಟ್
ಯಾರದೋ ಲಾಗಿನ್ ಬೇಕಾಗುತ್ತೆ, ಅದು ಬೇಡಮ್ಮ. ನೀವೇ ಮಾಡಿಕೊಳ್ಳಿ. ಟ್ಯಾಲಿಪ್ರೈಮ್‌ನ ಎಜುಕೇಷನಲ್ ಮೋಡ್‌ಗೆ ಹಣ ಬೇಡ. ಎಲ್ಲ ತಾರೀಖಿಗೂ ಎಂಟ್ರಿ ಹಾಕಲು ಬಿಡುವುದಿಲ್ಲ, ತಿಂಗಳ 1, 2 ಇಂಥ ಕೆಲವೇ ದಿನಕ್ಕೆ. ಅಭ್ಯಾಸಕ್ಕೆ ಅಷ್ಟು ಸಾಕು. ಮೂವತ್ತು ಪರ್ಚೇಸ್ ಬಿಲ್ ಹಾಕಿ, Alt+E ಒತ್ತಿ ಎಕ್ಸೆಲ್‌ಗೆ ತೆಗೆಯಿರಿ. ಅದರ ಕಾಪಿಯನ್ನು ಗೆಳತಿಗೆ ಕೊಟ್ಟು ಕೆಡಿಸಲು ಹೇಳಿ. ಎರಡು ಬಿಲ್ ಅಳಿಸಲಿ, ನಾಲ್ಕು ನಂಬರ್ ಬದಲಾಯಿಸಲಿ, ಅಲ್ಲಲ್ಲಿ ಸ್ಪೇಸ್ ಹಾಕಲಿ. ಏನು ಮಾಡಿದೆ ಅಂತ ನಿಮಗೆ ಹೇಳಬಾರದು. ಪ್ರತಿ ವ್ಯತ್ಯಾಸದ ಮುಂದೆ ಕಾರಣ ಬರೆಯಿರಿ, ಬರೀ #N/A ಬೇಡ. ಆ ಶೀಟ್‌ನ್ನು ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ ತೋರಿಸಿ.

ಕಾವ್ಯ, ಹಾವೇರಿ
ಮಾಡಿದೆ ಸರ್, ಒಂದು ವಾರ ಹಿಡಿಯಿತು. ಎಲ್ಲ ಸಿಕ್ಕಿತು, ಒಂದು ಬಿಟ್ಟು. ಜಿಎಸ್‌ಟಿ ನಂಬರ್, ಬಿಲ್ ನಂಬರ್, ಮೊತ್ತ ಎಲ್ಲ ಒಂದೇ ಇದೆ. TRIM ಹಾಕಿದರೂ #N/A ಹೋಗುತ್ತಿಲ್ಲ. ಆ ಸಾಲನ್ನು ವೆಬ್‌ಸೈಟ್ ಒಂದರಿಂದ ಕಾಪಿ ಮಾಡಿದೆ ಅಂತ ಗೆಳತಿ ಹೇಳಿದಳು.

ಪೀಣ್ಯದ ಅಕೌಂಟೆಂಟ್
ಜಿಎಸ್‌ಟಿ ನಂಬರ್ ಇರುವ ಸೆಲ್‌ಗೆ LEN ಹಾಕಿ ನೋಡಿ. 15 ಬರಬೇಕು. 16 ಬಂದರೆ ಕೊನೆಯಲ್ಲಿ ಕಾಣದ್ದು ಏನೋ ಇದೆ. ಅದು ಏನು ಅಂತ ತಿಳಿಯಲು:

```
=CODE(RIGHT(A2,1))
```

ಕಾವ್ಯ, ಹಾವೇರಿ
16 ಬಂತು. ಇದಕ್ಕೆ 160 ಬಂತು.

ಪೀಣ್ಯದ ಅಕೌಂಟೆಂಟ್
ವೆಬ್ ಪುಟಗಳಿಂದ ಬರುವ ಸ್ಪೇಸ್ ಅದು. ಮಾಮೂಲಿ ಸ್ಪೇಸ್‌ನ ನಂಬರ್ 32, TRIM ತೆಗೆಯುವುದು ಅದನ್ನು ಮಾತ್ರ. `SUBSTITUTE(A2,CHAR(160),"")` ಹಾಕಿ, ಆಮೇಲೆ TRIM ಮಾಡಿ. ಮುಂದಿನ ತಿಂಗಳು ನಮ್ಮಲ್ಲಿ ಒಂದು ಜಾಗ ಖಾಲಿ ಆಗುತ್ತಿದೆ. ಪೀಣ್ಯಕ್ಕೆ ಬರಲು ಆಗುತ್ತದಾದರೆ ಮೆಸೇಜ್ ಮಾಡಿ. ಬೇರೆ ಎರಡು ಶೀಟ್ ಕೊಡುತ್ತೇನೆ.