ಸಹಾಯ ಬೇಕು: ರೂಬ್ರಿಕ್ ಕ್ರಮಕ್ಕೆ ಉತ್ತರ ಜೋಡಿಸುವಾಗ ಒಂದು ಪ್ಯಾರಾ ಸಿಕ್ಕಿಕೊಂಡಿದೆ

ನನ್ನ ಕೇಸ್ ಸ್ಟಡಿ ಅಸೈನ್‌ಮೆಂಟ್ ಘಟನೆಗಳು ನಡೆದ ಕ್ರಮದಲ್ಲಿತ್ತು. ರೂಬ್ರಿಕ್‌ನ ಕ್ರಮ ಬೇರೆ: ಸಮಸ್ಯೆ, ಥಿಯರಿ, ಪುರಾವೆ, ವಿಮರ್ಶೆ, ಸಲಹೆ. ಪ್ರತಿ ಪ್ಯಾರಾ ಪಕ್ಕ ಅದು ಯಾವುದಕ್ಕೆ ಸೇರುತ್ತದೆ ಅಂತ ಗುರುತು ಹಾಕಿ ಸರಿಸಿದೆ. ಜಾಗ ಬದಲಾಗಿ ಅರ್ಥ ಕೆಟ್ಟ 'ಹೀಗಾಗಿ', 'ಮೇಲೆ ಹೇಳಿದಂತೆ' ಎಲ್ಲ ತಿದ್ದಿದ್ದೂ ಆಯ್ತು.

ಉಳಿದಿರುವುದು ಒಂದೇ ಪ್ಯಾರಾ. ಅದರಲ್ಲಿ ಸಿಬ್ಬಂದಿ ಸಮೀಕ್ಷೆಯ ಅಂಕಿಅಂಶವೂ ಇದೆ, ಅದನ್ನು ಎಷ್ಟು ನಂಬಬಹುದು ಅನ್ನುವ ವಿಮರ್ಶೆಯೂ ಇದೆ. ಒಡೆದರೆ ವಿಮರ್ಶೆಗೆ ಬುಡವೇ ಇರುವುದಿಲ್ಲ. ಅಂಕಿಅಂಶ ಮತ್ತೆ ಬರೆದರೆ ಪದಮಿತಿ ದಾಟುತ್ತದೆ. ಇಡೀ ಪ್ಯಾರಾವನ್ನು ಪುರಾವೆಯಲ್ಲೇ ಬಿಟ್ಟರೆ 'ವಿಮರ್ಶೆ' ಹೆಡ್ಡಿಂಗ್ ಕೆಳಗೆ ಬರೀ ಎರಡು ಸಾಲು. ಅಂಕ ಜಾಸ್ತಿ ಇರುವುದೇ ಅದಕ್ಕೆ!

ಉತ್ತರ ಪತ್ರಿಕೆ ತಿದ್ದಿ ಅನುಭವ ಇರುವವರು ಹೇಳಿ: ಇಡೀ ಪ್ಯಾರಾವನ್ನು ವಿಮರ್ಶೆಗೆ ಸರಿಸಿ, ಪುರಾವೆ ಭಾಗದಲ್ಲಿ 'ಸಮೀಕ್ಷೆಯ ವಿವರ ಮುಂದಿದೆ' ಅಂತ ಒಂದು ಸಾಲು ಹಾಕಿದರೆ ಪುರಾವೆಯ ಅಂಕ ಸಿಗುತ್ತದಾ, ಇಲ್ಲ ಒಡೆಯಲೇಬೇಕಾ?